ಎರಡು ಕೈ, ಎರಡು ಲೆಕ್ಕ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ರಕ್ತದೊತ್ತಡದ ಬಗ್ಗೆ ಮಾತಾಡಿ ಎಂದು ಪೂಜ್ಯರು ಅಪ್ಪಣೆ ಕೊಡಿಸಿದ್ದರು. ಉಪ್ಪು ಕಡಿಮೆ ತಿನ್ನಿ, ಮಾತ್ರೆ ಬಿಡಬೇಡಿ ಎಂಬ ಮಾತನ್ನು ನೀವು ಬೇಕಾದಷ್ಟು ಸಲ ಕೇಳಿದ್ದೀರಿ. ಅದನ್ನು ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ನಿಮ್ಮಲ್ಲಿ ಬಿ.ಪಿ. ನೋಡಿಸಿಕೊಂಡವರು ಬಹಳ ಮಂದಿ ಇದ್ದೀರಿ. ಎರಡೂ ಕೈಯಲ್ಲಿ ನೋಡಿಸಿಕೊಂಡವರು ಎಷ್ಟು ಜನ? ಕೈ ಎತ್ತಿ ನೋಡೋಣ.

ಇಷ್ಟು ದೊಡ್ಡ ಸಭೆಯಲ್ಲಿ ನಾಲ್ಕು ಕೈ ಎದ್ದಿವೆ. ನಾನು ಎಲ್ಲಿ ಕೇಳಿದರೂ ಹೆಚ್ಚುಕಡಿಮೆ ಇಷ್ಟೇ. ಇದರಲ್ಲಿ ನಿಮ್ಮ ತಪ್ಪೇನಿಲ್ಲ. ಅಳೆಯುವ ನಾವೇ ಒಂದು ಕೈಗೆ ಪಟ್ಟಿ ಸುತ್ತಿ, ಅಂಕ ಬರೆದುಕೊಂಡು, ಮುಂದಿನವರನ್ನು ಕರೆಯುತ್ತೇವೆ.

ನನ್ನ ಬಳಿ ಬಂದಿದ್ದ ಒಬ್ಬ ಯಜಮಾನರ ಕಥೆ ಹೇಳುತ್ತೇನೆ. ಹೆಸರು, ಊರು ಬೇಡ. ಅರವತ್ನಾಲ್ಕು ವಯಸ್ಸು, ಪೇಟೆಯಲ್ಲಿ ಬಟ್ಟೆ ಅಂಗಡಿ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೂವತ್ತು ವರ್ಷ ಬೀಡಿ ಸೇದಿ ಬಿಟ್ಟಿದ್ದರು. ಅವರು ಬಂದದ್ದು ಬಿ.ಪಿ. ತೋರಿಸಲು ಅಲ್ಲ, ಕಾಲುನೋವಿಗೆ. ಅಂಗಡಿಯಿಂದ ಮನೆಗೆ ನಡೆಯುವಾಗ ಅರ್ಧ ದಾರಿಗೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ಬಿಡುತ್ತಿತ್ತು, ಮತ್ತೆ ನಡೆದರೆ ಅಷ್ಟೇ ದೂರಕ್ಕೆ ಮತ್ತೆ ಹಿಡಿಯುತ್ತಿತ್ತು. ಬಿ.ಪಿ. ಇದೆಯಾ ಎಂದು ಕೇಳಿದೆ. "ಬಿ.ಪಿ. ಒಂದು ಇಲ್ರೀ ಸಾಹೇಬ್ರ, ಅದೊಂದು ಪುಣ್ಯ" ಎಂದರು. ಸಕ್ಕರೆ ತಪಾಸಣೆಯ ಪುಸ್ತಕ ತೆಗೆದು ತೋರಿಸಿದರು. ಐದು ವರ್ಷದ ಬರಹ ಅದರಲ್ಲಿತ್ತು. ಮೂರು ತಿಂಗಳಿಗೊಮ್ಮೆ ಬಿ.ಪಿ. ನೋಡಿದ್ದರು. ಎಲ್ಲವೂ 120ರಿಂದ 130ರ ಒಳಗೆ.

ನಾನು ಎಡಗೈಯಲ್ಲಿ ನೋಡಿದೆ, 128. ಪುಸ್ತಕಕ್ಕೆ ಸರಿಯಾಗಿ ಹೊಂದಿತು. ಬಲಗೈಗೆ ಪಟ್ಟಿ ಸುತ್ತಿದೆ, 170.

ಪಟ್ಟಿ ಸರಿಯಾಗಿ ಕೂತಿಲ್ಲವೇನೋ ಎಂದುಕೊಂಡೆ. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದೆ. ಎಡ 124, ಬಲ 166. ಎರಡೂ ಸಲದ ಸರಾಸರಿ ತೆಗೆದರೆ ಎಡಗೈ 126, ಬಲಗೈ 168. ನಡುವಿನ ಅಂತರ 42. ನಾನು ಇಲ್ಲಿ ಹೇಳುವುದೆಲ್ಲ ಮೇಲಿನ ಅಂಕ, ಅಂದರೆ ಹೃದಯ ಹಿಂಡಿದಾಗಿನ ಒತ್ತಡ. ಎರಡು ಕೈ ಹೋಲಿಸುವಾಗ ಮುಖ್ಯವಾಗಿ ನೋಡುವುದು ಅದನ್ನೇ.

ಹಾಗಾದರೆ ಐದು ವರ್ಷ ಇದು ಯಾಕೆ ಕಾಣಲಿಲ್ಲ? ನಾನು ಕೇಳಿದ್ದಕ್ಕೆ ಅವರೇ ನೆನಪಿಸಿಕೊಂಡು ಹೇಳಿದರು. ಅವರು ಹೋಗುತ್ತಿದ್ದಲ್ಲಿ ರೋಗಿಯ ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿದ್ದಾರಂತೆ. ಬಲಗೈ ಗೋಡೆಯ ಕಡೆ, ಎಡಗೈ ಮೇಜಿನ ಕಡೆ. ಯಾರು ಕೂತರೂ ಎಡಗೈಯೇ ಚಾಚಬೇಕು. ಐದು ವರ್ಷ ಆ ಕುರ್ಚಿ ಅವರ ಬಿ.ಪಿ.ಯನ್ನು ಮುಚ್ಚಿಟ್ಟಿತ್ತು.

ಈಗ ಅನೇಕರ ಮನಸ್ಸಿನಲ್ಲಿ ಒಂದು ಮಾತು ಬಂದಿರುತ್ತದೆ. ಹೃದಯ ಎಡಗಡೆ ಇದೆ, ಎಡಗೈ ಹತ್ತಿರ, ಆದ್ದರಿಂದ ಎಡಗೈಯಲ್ಲಿ ಹೆಚ್ಚು ಬರಬೇಕು, ಅದೇ ನಿಜವಾದ ಬಿ.ಪಿ. ಎಂದು. ಇದು ಓದಿದವರೂ ಹೇಳುವ ಮಾತು, ಆದರೆ ಸರಿಯಲ್ಲ. ಹೃದಯದಿಂದ ಮಹಾಧಮನಿ ಎಂಬ ಹೆಬ್ಬೆರಳಿಗಿಂತ ದಪ್ಪನೆಯ ನಾಳ ಮೇಲಕ್ಕೆ ಎದ್ದು, ಕೊಡೆಯ ಹಿಡಿಯಂತೆ ಬಾಗಿ ಕೆಳಗಿಳಿಯುತ್ತದೆ. ಆ ಬಾಗಿನ ಮೇಲಿಂದ ಮೂರು ಕವಲು ಏಳುತ್ತವೆ. ಮೊದಲನೆಯದು ಸ್ವಲ್ಪ ಮೇಲೆ ಹೋಗಿ ಎರಡಾಗಿ, ಬಲಗೈಗೂ ಕುತ್ತಿಗೆಯ ಬಲಭಾಗಕ್ಕೂ ರಕ್ತ ಕೊಡುತ್ತದೆ. ಎರಡನೆಯದು ಕುತ್ತಿಗೆಯ ಎಡಭಾಗಕ್ಕೆ. ಮೂರನೆಯದು ನೇರವಾಗಿ ಎಡಗೈಗೆ. ಕೈಗೆ ಹೋಗುವ ಈ ನಾಳ ಕೊರಳೆಲುಬಿನ ಕೆಳಗೆ ಹಾಯುವುದರಿಂದ ವೈದ್ಯರು ಅದನ್ನು ಸಬ್‌ಕ್ಲೇವಿಯನ್ ಎನ್ನುತ್ತಾರೆ. ದಾರಿ ಎರಡೂ ಕಡೆ ಅಗಲವಾಗಿ, ನುಣುಪಾಗಿ ಇದ್ದರೆ ಒತ್ತಡ ಎರಡೂ ಕೈಯಲ್ಲಿ ಬಹುಮಟ್ಟಿಗೆ ಒಂದೇ ಇರುತ್ತದೆ. ಹತ್ತಿರ ದೂರದ ಪ್ರಶ್ನೆಯೇ ಇಲ್ಲ. ಯಾವ ಕೈಯಲ್ಲಿ ದುಡಿಯುತ್ತೀರಿ ಎಂಬುದರಿಂದಲೂ ದೊಡ್ಡ ಅಂತರ ಬರುವುದಿಲ್ಲ.

ಹೊಲಕ್ಕೆ ನೀರು ಹಾಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಮೋಟರಿನಿಂದ ಎರಡು ಪೈಪು ಎಳೆದಿದ್ದೀರಿ. ಒಂದರ ಮೇಲೆ ಟ್ರ್ಯಾಕ್ಟರ್ ಗಾಲಿ ಹತ್ತಿ ಅದು ಅಪ್ಪಚ್ಚಿಯಾಗಿದೆ. ಅಪ್ಪಚ್ಚಿಯಾದ ಜಾಗದ ಆಚೆ ನೀರಿನ ರಭಸ ಕುಗ್ಗುತ್ತದೆ. ಆ ತುದಿಯಲ್ಲಿ ನಿಂತು ಮೋಟರಿನ ಶಕ್ತಿ ಅಳೆದರೆ ಮೋಟರು ಬಡವಾಗಿದೆ ಎನಿಸುತ್ತದೆ. ಮೋಟರು ಸರಿಯಾಗಿಯೇ ಇದೆ, ಕೆಟ್ಟದ್ದು ಪೈಪು. ಯಜಮಾನರ ಎಡಗೈ ಆ ಅಪ್ಪಚ್ಚಿಯಾದ ಪೈಪು. ಅವರ ಹೃದಯ, ಮೆದುಳು, ಮೂತ್ರಪಿಂಡ ಇವೆಲ್ಲ ತಾಳಿಕೊಳ್ಳುತ್ತಿದ್ದದ್ದು 168ರ ಒತ್ತಡವನ್ನು. ಪುಸ್ತಕದಲ್ಲಿ ಇದ್ದದ್ದು 126.

ಅದಕ್ಕೇ ನಿಯಮ ಸರಳವಾಗಿದೆ. ಎರಡು ಕೈಯಲ್ಲಿ ಬೇರೆ ಬೇರೆ ಬಂದರೆ ಹೆಚ್ಚು ಬಂದದ್ದೇ ನಿಮ್ಮ ಬಿ.ಪಿ. ಎರಡರ ಸರಾಸರಿ ಅಲ್ಲ, ಕಡಿಮೆ ಬಂದದ್ದು ಖಂಡಿತ ಅಲ್ಲ. ಒತ್ತಡವನ್ನು ಇಳಿಸುವಂಥ ಅಡ್ಡಿ ದಾರಿಯಲ್ಲಿ ಇರಬಹುದು. ಹೃದಯ ಕೊಡದ ಒತ್ತಡವನ್ನು ಕೈಯ ನಾಳ ತಾನಾಗಿ ಸೃಷ್ಟಿಸಲಾರದು.

ಅಂತರ ಎಷ್ಟಿದ್ದರೆ ಚಿಂತಿಸಬೇಕು? ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಎರಡು ಕೈ ಹೊಂದುವುದು ಅಪರೂಪ. ಐದಾರು ಅಂಕ ಹೆಚ್ಚುಕಡಿಮೆ ಸಹಜ. ಹತ್ತರ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತು ದಾಟಿದರೆ ಇನ್ನೊಂದು ದಿನ ಮತ್ತೆ ನೋಡಬೇಕು. ಸರಿಯಾಗಿ ಅಳೆದು, ಮತ್ತೆ ಮತ್ತೆ ನೋಡಿದರೂ ಹದಿನೈದಕ್ಕಿಂತ ಹೆಚ್ಚು ಉಳಿದರೆ ನಾಳ ಕಿರಿದಾಗಿರಬಹುದೇ ಎಂದು ವೈದ್ಯರು ಹುಡುಕಬೇಕು. ಇಂಗ್ಲೆಂಡಿನ ಸರಕಾರಿ ಮಾರ್ಗಸೂಚಿಯಲ್ಲಿ 2011ರಲ್ಲಿ ಈ ಗೆರೆ 20 ಇತ್ತು, 2019ರಲ್ಲಿ ಅದನ್ನು 15ಕ್ಕೆ ಇಳಿಸಿದರು. ಅಲ್ಲಿನ ಎಕ್ಸಿಟರ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಕ್ಲಾರ್ಕ್ ಎಂಬ ವೈದ್ಯರು ವರ್ಷಗಟ್ಟಲೆ ಇದೊಂದನ್ನೇ ಹಿಡಿದು ಕೆಲಸ ಮಾಡಿದವರು. ಅವರ ತಂಡ ಬೇರೆ ಬೇರೆ ದೇಶಗಳ 24 ಅಧ್ಯಯನಗಳ ಐವತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟುಗೂಡಿಸಿ, ಹತ್ತನ್ನೇ ಸಹಜದ ಕೊನೆಯ ಗೆರೆ ಎಂದು ಹಿಡಿಯಬೇಕು ಎಂದಿತು. ಅಂತರ ಹೆಚ್ಚಿದಷ್ಟೂ ಹೃದಯಾಘಾತ, ಲಕ್ವ ಆಗುವವರ ಪ್ರಮಾಣವೂ ಹೆಚ್ಚುತ್ತ ಹೋಗುತ್ತದೆ ಎಂದು ಅವರು ಕಂಡರು.

ಇದನ್ನು ಕೇಳಿ ಹನ್ನೆರಡು ಬಂದವರು ಇವತ್ತು ರಾತ್ರಿ ನಿದ್ದೆಗೆಡಬಾರದು. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಒಲವು ಅದು. ಹನ್ನೆರಡು ಬಂದವರಲ್ಲಿ ಬಹುಪಾಲು ಜನರ ಕೈನಾಳ ಚೆನ್ನಾಗಿಯೇ ಇರುತ್ತದೆ. ಅಂತರ ಇಪ್ಪತ್ತು, ಮೂವತ್ತು, ನಲವತ್ತು ಎಂದು ಏರಿದಂತೆ ನಾಳ ಕಟ್ಟಿರುವ ಅನುಮಾನ ಗಟ್ಟಿಯಾಗುತ್ತದೆ. ಯಜಮಾನರ 42 ಅನುಮಾನಕ್ಕೆ ಹೆಚ್ಚು ಜಾಗ ಬಿಟ್ಟಿರಲಿಲ್ಲ.

ಆದರೆ ಎಲ್ಲ ಅಂತರವೂ ನಾಳದಿಂದ ಬರುವುದಿಲ್ಲ. ಬಹಳ ಸಲ ಅದು ಅಳತೆಯಿಂದ ಹುಟ್ಟಿದ್ದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈಗ ಮನೆಮನೆಗೆ ಯಂತ್ರ ಬಂದಿದೆ, ಶಿಬಿರಗಳಲ್ಲಿ ನಮ್ಮ ಯುವಕರೇ ಅಳೆಯುತ್ತಾರೆ.

ಒಬ್ಬ ಶಾಲಾ ಶಿಕ್ಷಕಿ ಗಾಬರಿಯಿಂದ ಬಂದಿದ್ದರು. ಮನೆಯ ಯಂತ್ರದಲ್ಲಿ ಬಲಗೈ 152, ಎಡಗೈ 138. ಹದಿನಾಲ್ಕರ ಅಂತರ. ಪತ್ರಿಕೆಯಲ್ಲಿ ಓದಿದ್ದರು, ನಾಳ ಕಟ್ಟಿದೆ ಎಂದೇ ನಿಶ್ಚಯಿಸಿಕೊಂಡಿದ್ದರು. ನಾನು ಕೇಳಿದೆ: "ಮೊದಲು ಯಾವ ಕೈ ನೋಡಿದಿರಿ ತಾಯಿ?" "ಬಲಗೈ." "ಎಡಗೈ ನೋಡಿದ ಮೇಲೆ ತಿರುಗಿ ಬಲಗೈ ನೋಡಿದಿರಾ?" "ಇಲ್ಲ." ಅಲ್ಲಿಯೇ ಕೂರಿಸಿ ಬಲ, ಎಡ, ಮತ್ತೆ ಬಲ ಎಂದು ನೋಡಿದೆ. 150, 138, 140. ಅಂತರ ಎಲ್ಲಿ ಹೋಯಿತು? ಪಟ್ಟಿ ಮೊದಲು ಬಿಗಿದಾಗ ಮನಸ್ಸು ಅಳುಕುತ್ತದೆ, ಒತ್ತಡ ಏರುತ್ತದೆ. ಎರಡು ಮೂರು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಮೊದಲು ನೋಡಿದ ಕೈಗೆ ಹೆಚ್ಚು, ಆಮೇಲೆ ನೋಡಿದ ಕೈಗೆ ಕಡಿಮೆ. ಅದು ಕೈಗಳ ನಡುವಿನ ಅಂತರವಲ್ಲ, ಹೊತ್ತಿನ ಅಂತರ. ಅದನ್ನು ಬಯಲಿಗೆಳೆಯುವ ಉಪಾಯ ಇದೊಂದೇ: ಮೊದಲಿನ ಕೈಗೆ ಮರಳಿ ಬರಬೇಕು. ಎರಡನೆಯ ಸಲವೂ ಅದೇ ಕೈ ಅಷ್ಟೇ ಹೆಚ್ಚು ತೋರಿಸಿದರೆ ಆಗ ಮಾತು ಬೇರೆ. ಎರಡು ಯಂತ್ರ ಇದ್ದಲ್ಲಿ ಎರಡೂ ಕೈಗೆ ಒಟ್ಟಿಗೇ ಪಟ್ಟಿ ಸುತ್ತಿ ನೋಡುವುದು ಇನ್ನೂ ಒಳ್ಳೆಯದು. ಆಮೇಲೆ ಯಂತ್ರಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ನೋಡಬೇಕು. ಇಲ್ಲದಿದ್ದರೆ ಯಂತ್ರದ ದೋಷ ಕೈಯ ತಲೆಗೆ ಬರುತ್ತದೆ.

ಇನ್ನೊಂದು ಕೈಯ ಎತ್ತರ. ತೋಳಿಗೆ ಸುತ್ತಿದ ಪಟ್ಟಿ ಎದೆಯ ನಡುಭಾಗದ ಮಟ್ಟಕ್ಕೆ ಇರಬೇಕು, ಕೈಗೆ ಮೇಜಿನ ಆಸರೆ ಇರಬೇಕು. ತೋಳು ಆ ಮಟ್ಟಕ್ಕಿಂತ ಒಂದು ಗೇಣಿನ ಅರ್ಧದಷ್ಟು, ಅಂದರೆ ಹತ್ತು ಸೆಂಟಿಮೀಟರು ಕೆಳಗೆ ಇಳಿದರೆ ಏಳೆಂಟು ಅಂಕ ಸುಳ್ಳೇ ಏರುತ್ತದೆ. ಅಷ್ಟೇ ಮೇಲಿದ್ದರೆ ಅಷ್ಟೇ ಇಳಿಯುತ್ತದೆ. ಒಂದು ಕೈ ಮೇಜಿನ ಮೇಲೆ, ಇನ್ನೊಂದು ಜೋತುಬಿದ್ದ ಸ್ಥಿತಿಯಲ್ಲಿ ಅಳೆದರೆ ಇಲ್ಲದ ರೋಗ ಹುಟ್ಟುತ್ತದೆ. ಒಂದು ಕೈಯ ಅಂಗಿಯ ತೋಳನ್ನು ಬಿಗಿಯಾಗಿ ಮಡಚಿ, ಇನ್ನೊಂದು ಕೈಗೆ ಬಟ್ಟೆಯ ಮೇಲೆಯೇ ಪಟ್ಟಿ ಸುತ್ತುವುದೂ ಹಾಗೆಯೇ. ತೋಳು ದಪ್ಪಗಿದ್ದವರಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಎರಡೂ ಕೈಯಲ್ಲಿ ಹೆಚ್ಚು ತೋರಿಸುತ್ತದೆ. ಬೆನ್ನು ಕುರ್ಚಿಗೆ ಆನಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕೂತ ಮೇಲೆ ನೋಡಬೇಕು. ಮಾತಿಲ್ಲದೆ ಎಂಬುದು ನಮ್ಮ ಶಿಬಿರಗಳಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ, ಅದು ನನಗೂ ಗೊತ್ತು.

ನಾಡಿ ಹೆಜ್ಜೆ ತಪ್ಪಿ ಬಡಿಯುವವರಲ್ಲಿ ಒಂದೊಂದು ಸಲಕ್ಕೆ ಒಂದೊಂದು ಅಂಕ ಬರುತ್ತದೆ. ಅವರಲ್ಲಿ ಒಂದೇ ಅಳತೆ ನಂಬಿ ಅಂತರ ಹೇಳಬಾರದು. ಹಲವು ಸಲ ನೋಡಬೇಕು.

ಮತ್ತೆ ಯಜಮಾನರ ಬಳಿಗೆ ಬರೋಣ. ಅವರ ಎರಡೂ ಮಣಿಕಟ್ಟಿನ ನಾಡಿಯನ್ನು ನನ್ನ ಎರಡು ಕೈಯಿಂದ ಒಟ್ಟಿಗೆ ಹಿಡಿದು ನೋಡಿದೆ. ಬಲಗಡೆ ನಾಡಿ ಎದ್ದು ಬಡಿಯುತ್ತಿತ್ತು. ಎಡಗಡೆಯದು ಬಡವಾಗಿತ್ತು, ಒಂದು ಕ್ಷಣ ತಡವಾಗಿ ಬರುತ್ತಿತ್ತು. ಎಡ ಕೊರಳೆಲುಬಿನ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಸುಯ್ ಸುಯ್ ಎಂಬ ಸದ್ದು. ಇಕ್ಕಟ್ಟಾದ ಜಾಗದಲ್ಲಿ ರಕ್ತ ನುಸುಳುವ ಸದ್ದು ಅದು. ಇಷ್ಟಕ್ಕೆ ದುಡ್ಡಿನ ಪರೀಕ್ಷೆ ಯಾವುದೂ ಬೇಕಾಗಲಿಲ್ಲ. ಆಮೇಲೆ ಡಾಪ್ಲರ್ ಎಂಬ ಧ್ವನಿತರಂಗದ ಪರೀಕ್ಷೆ ಮಾಡಿಸಿದಾಗ ಎಡ ಸಬ್‌ಕ್ಲೇವಿಯನ್ ನಾಳ ಬುಡದ ಹತ್ತಿರವೇ ಬಹಳ ಕಿರಿದಾಗಿದ್ದು ಖಚಿತವಾಯಿತು. ಈ ಕಾಯಿಲೆ ಬಲಗಡೆಗಿಂತ ಎಡಗಡೆಯೇ ಹೆಚ್ಚು.

ಕೈಯಲ್ಲಿ ತೊಂದರೆ ಏನಾದರೂ ಇತ್ತೇ ಎಂದು ಕೇಳಿದೆ. ಇಲ್ಲ ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರ ಮನೆಯವರು ನೆನಪಿಸಿದರು. ಬೆಳಗಿನ ಪೂಜೆಯಲ್ಲಿ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತಾಗ ಈಚೆಗೆ ಕೈ ಬೇಗ ಸೋಲುತ್ತದೆ, ಬಲಗೈಯನ್ನು ಆಸರೆ ಕೊಡುತ್ತಾರೆ ಎಂದು. ವಯಸ್ಸಾಯಿತು ಎಂದುಕೊಂಡಿದ್ದರಂತೆ. ವಯಸ್ಸಿಗೆ, ಭುಜದ ಕೀಲು ನೋವಿಗೆ ಕೈ ಸೋಲುವುದು ಉಂಟು. ಆದರೆ ಒಂದೇ ಕೈ, ಕೆಲಸ ಮಾಡುವಾಗ ಸೋತು, ಬಿಟ್ಟ ಕೂಡಲೇ ಸರಿಹೋಗುವುದಾದರೆ ಬಿ.ಪಿ. ಎರಡೂ ಕೈಯಲ್ಲಿ ನೋಡಿಸಬೇಕು.

ನಾಳ ಇಷ್ಟು ಕಿರಿದಾದರೂ ಕೈ ಯಾಕೆ ತಣ್ಣಗಾಗಿ ಕಪ್ಪಾಗಲಿಲ್ಲ? ನಾಳ ವರ್ಷಗಟ್ಟಲೆ ನಿಧಾನವಾಗಿ ಕಟ್ಟುತ್ತದೆ. ಅಷ್ಟರಲ್ಲಿ ರಕ್ತ ಸಣ್ಣಪುಟ್ಟ ಅಡ್ಡದಾರಿ ಹುಡುಕಿಕೊಂಡಿರುತ್ತದೆ. ಆ ಅಡ್ಡದಾರಿಗಳಲ್ಲಿ ಒಂದು ಸ್ವಲ್ಪ ವಿಚಿತ್ರವಾದದ್ದು. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳವೊಂದು ಈ ಕೈನಾಳದಿಂದಲೇ ಕವಲೊಡೆಯುತ್ತದೆ. ಕವಲಿನ ಹಿಂದೆ ಅಡ್ಡಿ ಇದ್ದಾಗ, ಕೈ ಜೋರಾಗಿ ದುಡಿಯತೊಡಗಿದರೆ, ಆ ನಾಳದಲ್ಲಿ ರಕ್ತ ತಿರುಗಿ ಹರಿದು, ಮೆದುಳಿನ ಪಾಲನ್ನು ಕೈ ಕಸಿದುಕೊಳ್ಳುತ್ತದೆ. ಬಹಳ ಜನರಿಗೆ ಇದರಿಂದ ಏನೂ ಆಗುವುದಿಲ್ಲ. ಕೆಲವರಿಗೆ ರೊಟ್ಟಿ ಬಡಿಯುವಾಗ, ಬಾವಿಯಿಂದ ನೀರು ಸೇದುವಾಗ, ಗೋಡೆಗೆ ಸುಣ್ಣ ಹಚ್ಚುವಾಗ ತಲೆ ಸುತ್ತುತ್ತದೆ, ಕಣ್ಣು ಮಂಜಾಗುತ್ತದೆ. ಕೈ ಕೆಲಸಕ್ಕೂ ತಲೆ ಸುತ್ತಿಗೂ ನಂಟು ಕಂಡರೆ ವೈದ್ಯರಿಗೆ ಬಿಡದೆ ಹೇಳಿ.

ಹೃದಯದ ಬೈಪಾಸ್ ಆದವರಿಗೂ ಒಂದು ಮಾತು. ಆ ಶಸ್ತ್ರಕ್ರಿಯೆಯಲ್ಲಿ ಸಾಮಾನ್ಯವಾಗಿ ಎದೆಗೂಡಿನ ಒಳಗೋಡೆಯ ಎಡನಾಳವನ್ನು ಹೃದಯಕ್ಕೆ ಜೋಡಿಸುತ್ತಾರೆ. ಅದೂ ಹುಟ್ಟುವುದು ಎಡಗೈಯ ಇದೇ ನಾಳದಿಂದ. ಬೈಪಾಸ್ ಆದ ಮೇಲೆ ಎಡಗೈಯಲ್ಲಿ ಬಿ.ಪಿ. ಬಹಳ ಕಡಿಮೆ ಬರತೊಡಗಿ, ಎಡಗೈಯಲ್ಲಿ ಕೆಲಸ ಮಾಡುವಾಗ ಎದೆನೋವು ಬಂದರೆ ಅದನ್ನು ಹೃದಯತಜ್ಞರಿಗೆ ಆ ಮಾತಿನಲ್ಲೇ ಹೇಳಬೇಕು.

ಇನ್ನು ಯಜಮಾನರ ಕಾಲಿನ ವಿಚಾರ. ಈ ಕಥೆಯಲ್ಲಿ ನನಗೇ ಪಾಠ ಕಲಿಸಿದ ಭಾಗ ಇದು. ಕಾಲಿನ ನಾಳ ಕಿರಿದಾಗಿದೆಯೇ ಎಂದು ತಿಳಿಯಲು ಹಿಮ್ಮಡಿಯ ಮೇಲ್ಭಾಗದಲ್ಲಿ ಒತ್ತಡ ಅಳೆದು, ಅದನ್ನು ಕೈಯ ಒತ್ತಡದಿಂದ ಭಾಗಿಸುತ್ತೇವೆ. ಕಾಲಿನ ಒತ್ತಡ ಕೈಯಷ್ಟೇ ಅಥವಾ ತುಸು ಹೆಚ್ಚೇ ಇರಬೇಕು. ಭಾಗಲಬ್ಧ 0.9ಕ್ಕಿಂತ ಕೆಳಗೆ ಬಂದರೆ ಕಾಲಿನ ನಾಳದಲ್ಲಿ ಅಡ್ಡಿ ಇದೆ ಎಂದರ್ಥ. ಅವರ ಬಲಗಾಲಿನಲ್ಲಿ 132 ಬಂತು. ಎಡಗೈಯ 126ರಿಂದ ಭಾಗಿಸಿ ನೋಡಿ, 1.05. ಕಾಲು ನಿರೋಗಿ! ನಡೆದಾಗ ಹಿಡಿಯುವುದು ಸೊಂಟದ ನರದಿಂದ ಇರಬೇಕು ಎಂದು ಹೇಳಿ ಕಳಿಸಬಹುದಿತ್ತು. ಬಲಗೈಯ 168ರಿಂದ ಭಾಗಿಸಿ ನೋಡಿ, 0.79. ಕಾಲಿನ ನಾಳವೂ ಕಟ್ಟಿದೆ. ಒಂದು ಕಟ್ಟಿದ ನಾಳ ಇನ್ನೊಂದು ಕಟ್ಟಿದ ನಾಳವನ್ನು ಮರೆಮಾಚುತ್ತಿತ್ತು.

ಕೈಯ ನಾಳ ಕಿರಿದಾಗುವುದರಿಂದ ಕೈಗೆ ಆಗುವ ತೊಂದರೆ ಸಾಮಾನ್ಯವಾಗಿ ಸಣ್ಣದು. ಆದರೆ ಕೊಬ್ಬು, ಸುಣ್ಣ ಮೆತ್ತಿ ನಾಳ ಗಡುಸಾಗುವ ಆ ರೋಗ ಒಂದೇ ಜಾಗಕ್ಕೆ ನಿಲ್ಲುವಂಥದ್ದಲ್ಲ. ಕೈಯಲ್ಲಿ ಕಂಡರೆ ಕಾಲಿನಲ್ಲಿ, ಕುತ್ತಿಗೆಯಲ್ಲಿ, ಹೃದಯದಲ್ಲಿ ಅದು ಇರುವ ಸಂಭವ ಹೆಚ್ಚು. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಏರಿದ ಒತ್ತಡ, ಕೊಲೆಸ್ಟರಾಲು ಎಲ್ಲ ಕಡೆಗೂ ಅವೇ ಕಾರಣ.

ಚಿಕಿತ್ಸೆ ಏನು ಮಾಡಿದೆವು? ಕೈಯ ನಾಳಕ್ಕೆ ಬಲೂನು, ಸ್ಟೆಂಟ್ ಹಾಕಿಸಲಿಲ್ಲ. ಮಗನಿಗೆ ಅದು ಸಮಾಧಾನವಾಗಲಿಲ್ಲ. ಕಟ್ಟಿದ್ದು ಕಂಡ ಮೇಲೆ ಬಿಡಿಸಬೇಕಲ್ಲವೇ ಎಂದ. ತಲೆ ಸುತ್ತುವುದು, ಕೈ ದುಡಿಯಲಾರದಷ್ಟು ಸೋಲುವುದು, ಬೈಪಾಸಿನ ನಾಳಕ್ಕೆ ರಕ್ತ ಸಾಲದಿರುವುದು, ಇಂಥ ಕಾರಣ ಇದ್ದಾಗ ಬಿಡಿಸುತ್ತೇವೆ. ಅಂಕದ ಅಂತರ ಹೋಗಲಿ ಎಂದು ಬಿಡಿಸುವುದಿಲ್ಲ. ಒತ್ತಡದ ಮಾತ್ರೆ ಶುರು ಮಾಡಿ ಬಲಗೈಯ ಲೆಕ್ಕದ ಮೇಲೆ ಹೆಚ್ಚಿಸುತ್ತ ಹೋದೆವು. ಕೊಲೆಸ್ಟರಾಲಿನ ಮಾತ್ರೆ, ಕಾಲಿನ ತೊಂದರೆ ಇದ್ದುದರಿಂದ ರಕ್ತ ಹೆಪ್ಪುಗಟ್ಟದ ಮಾತ್ರೆ ಕೊಟ್ಟೆವು. ದಿನಾ ನಡೆಯಬೇಕು, ಕಾಲು ಹಿಡಿದಾಗ ನಿಂತು ಮತ್ತೆ ನಡೆಯಬೇಕು ಎಂದು ಹೇಳಿದೆವು. ಮೂರು ತಿಂಗಳಿಗೆ ಬಲಗೈ 134ಕ್ಕೆ ಇಳಿಯಿತು.

ಆಗ ನಡೆದದ್ದು ಕೇಳಿ. ಒಂದು ಊರಿನ ಶಿಬಿರದಲ್ಲಿ ಯಾರೋ ಹುಡುಗರು ಅವರ ಎಡಗೈ ನೋಡಿದರು, 96. ಹುಡುಗರಿಗೆ ಗಾಬರಿ. "ಕಾಕಾ, ಬಿ.ಪಿ. ಭಾಳ ಇಳದೈತಿ, ಮಾತ್ರೆ ಬಿಡ್ರಿ" ಎಂದರು. ಮನೆಯವರೂ ಹೆದರಿ ನಿಂಬೆಹಣ್ಣಿನ ಶರಬತ್ತಿಗೆ ಉಪ್ಪು ಹಾಕಿ ಕುಡಿಸಿದರು. ಎಂಟು ದಿನ ಮಾತ್ರೆ ಬಿಟ್ಟು ನನ್ನ ಬಳಿ ಬಂದಾಗ ಬಲಗೈ 164 ಇತ್ತು. ಹುಡುಗರು ಸುಳ್ಳು ಹೇಳಿರಲಿಲ್ಲ, ಸರಿಯಾಗಿಯೇ ಅಳೆದಿದ್ದರು. ತಪ್ಪು ನನ್ನದು. "ಬಲಗೈಯಲ್ಲೇ ನೋಡಿಸಿ" ಎಂದು ಬಾಯಲ್ಲಿ ಹೇಳಿದ್ದೆ, ಬರೆದುಕೊಟ್ಟಿರಲಿಲ್ಲ. ಆವತ್ತೇ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಮಸಿಯಲ್ಲಿ ಬರೆದೆ: "ಎಡಗೈಯಲ್ಲಿ ನಲವತ್ತು ಕಡಿಮೆ ಬರುತ್ತದೆ. ಬಲಗೈಯಲ್ಲಿ ಮಾತ್ರ ಅಳೆಯಿರಿ."

ಎಲ್ಲ ಅಂತರವೂ ಮುದಿತನದ್ದಲ್ಲ. ಹದಿಹರೆಯದ, ಇಪ್ಪತ್ತು ಮೂವತ್ತರ ಹೆಣ್ಣುಮಕ್ಕಳಲ್ಲಿ ಮಹಾಧಮನಿ ಮತ್ತು ಅದರ ಕವಲುಗಳ ಗೋಡೆ ಉರಿಯೂತದಿಂದ ದಪ್ಪವಾಗಿ ಕಿರಿದಾಗುವ ಕಾಯಿಲೆಯೊಂದಿದೆ. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ತಕಾಯಾಸು ಇದರ ಲಕ್ಷಣವನ್ನು ಕಣ್ಣಿನಲ್ಲಿ ಕಂಡು ವರದಿ ಮಾಡಿದರು, ಅವರ ಹೆಸರೇ ಉಳಿಯಿತು. ನಾಡಿ ಸಿಗದ ಕಾಯಿಲೆ ಎಂದೂ ಕರೆಯುತ್ತಾರೆ. ಸಣ್ಣ ಜ್ವರ, ಸುಸ್ತು, ತೂಕ ಇಳಿಯುವುದು, ಕೈ ಸೋಲುವುದು. ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ಕೊಡುತ್ತ ಕಾಲ ಕಳೆಯುತ್ತದೆ. ಚಿಕ್ಕ ವಯಸ್ಸಿನವರ ಒಂದು ಕೈಯಲ್ಲಿ ನಾಡಿ ಸಿಗದಿದ್ದರೆ, ಎರಡು ಕೈಗಳಿಗೆ ಹತ್ತಕ್ಕಿಂತ ಹೆಚ್ಚು ಅಂತರ ನಿಂತಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಉರಿಯೂತ ತಗ್ಗಿಸುವ ಔಷಧ ಇದೆ, ಬೇಗ ಶುರುವಾದಷ್ಟೂ ಒಳ್ಳೆಯದು.

ಈ ಕಾಯಿಲೆಯಲ್ಲಿ ಇನ್ನೊಂದು ಮೋಸ ಇದೆ. ಎರಡೂ ಕೈಯ ನಾಳ ಒಂದೇ ಸಮ ಕಟ್ಟಿದರೆ ಅಂತರವೇ ಕಾಣುವುದಿಲ್ಲ. ಎರಡೂ ಕೈಯಲ್ಲಿ 90 ಬರುತ್ತದೆ, ಒಳಗೆ ನಿಜವಾದ ಒತ್ತಡ 180 ಇರುತ್ತದೆ. ವಯಸ್ಸಾದವರಲ್ಲೂ ಇದು ಆಗಬಹುದು. ಎರಡೂ ನಾಡಿ ಬಡವಾಗಿದ್ದರೆ ತೊಡೆಯಲ್ಲಿ ಒತ್ತಡ ಅಳೆಯಬೇಕಾಗುತ್ತದೆ. ಹಾಗೆಯೇ ನಾಳ ಅರ್ಧದಷ್ಟು ಕಿರಿದಾಗುವವರೆಗೆ ಸುಮ್ಮನೆ ಕೂತಾಗಿನ ಒತ್ತಡ ಹೆಚ್ಚೇನೂ ಇಳಿಯುವುದಿಲ್ಲ. ಆದ್ದರಿಂದ ಎರಡು ಕೈ ಸಮ ಬಂತು, ನನ್ನ ನಾಳವೆಲ್ಲ ಚೊಕ್ಕ ಎಂದು ತಿಳಿಯಬೇಡಿ. ಅಂತರ ಇದ್ದರೆ ಅದು ಮಾತಾಡುತ್ತದೆ. ಇಲ್ಲದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಇನ್ನೊಂದು ದಿನ ನೋಡೋಣ ಎನ್ನಬಾರದು. ಎದೆಯಲ್ಲೋ ಬೆನ್ನಿನಲ್ಲೋ ಬಟ್ಟೆ ಹರಿದಂಥ ನೋವು ಹಠಾತ್ತನೆ ಬಂದು, ಎರಡು ಕೈಯ ನಾಡಿ ಬೇರೆ ಬೇರೆ ಅನ್ನಿಸಿದರೆ ಮಹಾಧಮನಿಯ ಒಳಪದರವೇ ಸೀಳಿರಬಹುದು. ಆಗ ಮನೆಯ ಯಂತ್ರ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ. ಕೈಗಳು ಸಮ ಬಂದರೂ ಆ ನೋವಿಗೆ ಕರೆ ಮಾಡಲೇಬೇಕು.

ಸಭೆ ಶುರುವಾಗುವ ಮುನ್ನ ಒಬ್ಬ ತಾಯಿ ಕೇಳಿದ್ದರು, ಡಯಾಲಿಸಿಸ್‌ಗಾಗಿ ಒಂದು ಕೈಯಲ್ಲಿ ನಾಳ ಜೋಡಿಸಿದವರು ಏನು ಮಾಡಬೇಕು ಎಂದು. ಆ ಕೈಗೆ ಪಟ್ಟಿ ಸುತ್ತಲೇಬಾರದು, ಇನ್ನೊಂದು ಕೈಯಲ್ಲಿ ಮಾತ್ರ ನೋಡಿಸಬೇಕು. ಸ್ತನದ ಕ್ಯಾನ್ಸರಿಗೆ ಕಂಕುಳಿನ ಗಂಟು ತೆಗೆಸಿಕೊಂಡವರು ಆ ಬದಿಯ ಕೈ ಕೊಡುವ ಮುಂಚೆ ತಮ್ಮ ವೈದ್ಯರನ್ನು ಕೇಳಬೇಕು. ಉಳಿದವರಿಗೆ ಜೀವನವಿಡೀ ಪ್ರತಿ ಸಲ ಎರಡೂ ಕೈ ನೋಡಿಸುವ ಅಗತ್ಯವಿಲ್ಲ. ಮೊದಲ ಸಲ ಎರಡೂ ಕೈ ನೋಡಿ ಯಾವುದು ಹೆಚ್ಚು ಎಂದು ಗೊತ್ತಾದರೆ ಮುಂದೆ ಅದರಲ್ಲೇ ನೋಡಿಸಿದರೆ ಸಾಕು. ಸಕ್ಕರೆ ಕಾಯಿಲೆ ಇದ್ದವರು, ತಂಬಾಕು ಸೇದಿದವರು ವರ್ಷಕ್ಕೊಮ್ಮೆ ಎರಡೂ ಕೈ ನೋಡಿಸಿಕೊಳ್ಳುವುದು ಒಳ್ಳೆಯದು.

ಪ್ರಸಾದದ ಮುಂಚೆ ಪಕ್ಕದ ಪಡಸಾಲೆಯಲ್ಲಿ ಬಿ.ಪಿ. ನೋಡುವ ಏರ್ಪಾಡು ಇದೆ. ಎರಡು ಯಂತ್ರ ತಂದಿದ್ದೇವೆ. ಕುರ್ಚಿಯನ್ನು ಗೋಡೆಯಿಂದ ದೂರ ಇಡಿಸಿದ್ದೇನೆ. ನಿಮಗೆ ಕೊಡುವ ಚೀಟಿಯಲ್ಲಿ ಬಲಗೈ, ಎಡಗೈ, ಮತ್ತೆ ಬಲಗೈ ಎಂದು ಮೂರು ಮನೆ ಇವೆ. ಮೂರೂ ತುಂಬುವವರೆಗೆ ಎದ್ದು ಹೋಗಬೇಡಿ. ಅಂತರ ಹದಿನೈದು ದಾಟಿದವರ ಚೀಟಿಯನ್ನು ನನ್ನ ಬಳಿ ಕಳಿಸಲು ಹುಡುಗರಿಗೆ ಹೇಳಿದ್ದೇನೆ. ಹೆದರಬೇಡಿ, ಕೂತು ನಾಡಿ ನೋಡೋಣ.